ಪೆನಾಲ್ಟಿ ನೋಟಿಸಿನಲ್ಲಿ ‘270ಎ’ ಎಂದಷ್ಟೇ ಇದ್ದರೆ ಏನೆಂದು ಓದಬೇಕು, ಏನೆಂದು ಉತ್ತರಿಸಬೇಕು?

ಪ್ರಶ್ನೆ: ಸರ್, ನಾನು ಖಾಸಗಿ ಕಂಪನಿಯೊಂದರ ಉದ್ಯೋಗಿ. 2024-25ರ ಅಸೆಸ್‌ಮೆಂಟ್ ವರ್ಷಕ್ಕೆ ಹಳೆ ಪದ್ಧತಿಯಲ್ಲಿ 11,50,000 ರೂ. ಆದಾಯ ತೋರಿಸಿದ್ದೆ. ಡಿಸೆಂಬರ್ 12ರಂದು 143(3)ರ ಅಸೆಸ್‌ಮೆಂಟ್ ಆದೇಶ ಬಂತು. ಎಫ್‌ಡಿ ಬಡ್ಡಿ 3,10,000 ರೂ. ತೋರಿಸಿಲ್ಲವೆಂದು ಸೇರಿಸಿದ್ದಾರೆ. ಅಮ್ಮನಿಗೆ ತಿಂಗಳಿಗೆ 20,000 ರೂ. ಬಾಡಿಗೆ ನಗದಾಗಿ ಕೊಟ್ಟು ಪಡೆದ 1,80,000 ರೂ. ಎಚ್‌ಆರ್‌ಎ ವಿನಾಯಿತಿಯನ್ನೂ ತೆಗೆದಿದ್ದಾರೆ. ಎಫ್‌ಡಿ ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದದ್ದು. ಬಡ್ಡಿ ಖಾತೆಗೆ ಬರುತ್ತಿರಲಿಲ್ಲ, ಅಸಲಿಗೇ ಸೇರುತ್ತಿತ್ತು. ಅದರ ಟಿಡಿಎಸ್ 31,000 ರೂ. ಕೂಡ ನಾನು ಕ್ಲೇಮ್ ಮಾಡಿಲ್ಲ. ಅದೇ ದಿನ 274 ಮತ್ತು 270ಎ ಅಡಿ ಪೆನಾಲ್ಟಿ ನೋಟಿಸ್ ಬಂದಿದೆ, ಜನವರಿ 7ರೊಳಗೆ ಉತ್ತರ ಕೊಡಬೇಕು. ಒಬ್ಬರು ‘ತೆರಿಗೆ ಕಟ್ಟಿಬಿಡಿ, ನೋಟಿಸ್ ತಾನಾಗಿ ಬಿದ್ದುಹೋಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಅಪ್‌ಡೇಟೆಡ್ ರಿಟರ್ನ್ ಹಾಕಿ’ ಎನ್ನುತ್ತಾರೆ. ಮತ್ತೊಬ್ಬರು ‘200 ಪರ್ಸೆಂಟ್ ಗ್ಯಾರಂಟಿ’ ಎಂದು ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ನಿಮಗೆ ಸಿಕ್ಕ ಮೂರು ಸಲಹೆಗಳೂ ತಪ್ಪು. ಮೂರನೆಯದು ಮಾತ್ರ ಅರ್ಧ ತಪ್ಪು.

ಅಸೆಸ್‌ಮೆಂಟ್ ಮುಗಿದ ವರ್ಷಕ್ಕೆ ಅಪ್‌ಡೇಟೆಡ್ ರಿಟರ್ನ್ ಹಾಕಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಅಸೆಸ್‌ಮೆಂಟ್ ನಡೆಯುತ್ತಿರುವಾಗಲೂ ಆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಅದನ್ನು ಮರೆತುಬಿಡಿ. ತೆರಿಗೆ ಕಟ್ಟಿದ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದೂ ಇಲ್ಲ, ಏಕೆಂದರೆ 270ಎ ಪೆನಾಲ್ಟಿ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಬರುವಂಥದ್ದು. ಆದರೆ ತೆರಿಗೆಯನ್ನು ಇಂಥ ದಿನದೊಳಗೆ ಕಟ್ಟಿ, ಇಂಥ ಅರ್ಜಿ ಹಾಕಿ, ಮೇಲ್ಮನವಿ ಬಿಟ್ಟುಕೊಟ್ಟರೆ ಪೆನಾಲ್ಟಿಯಿಂದ ಪೂರ್ತಿ ಮುಕ್ತಿ ಕೊಡುವ ಇನ್ನೊಂದು ಸೆಕ್ಷನ್ ಇದೆ. ಅದು 270ಎಎ. ನಿಮ್ಮ ವಿಷಯದಲ್ಲಿ ನೋಟಿಸಿಗೆ ಬರೆಯುವ ಉತ್ತರಕ್ಕಿಂತ ಹೆಚ್ಚು ತೂಕ ಇರುವುದು ಆ ಅರ್ಜಿಗೆ. ಅದು ಸಿಗುತ್ತದೋ ಇಲ್ಲವೋ ಎಂಬುದು ನೋಟಿಸ್ ಮತ್ತು ಆದೇಶದಲ್ಲಿರುವ ಕೆಲವೇ ಪದಗಳ ಮೇಲೆ ನಿಂತಿದೆ. ಆದ್ದರಿಂದ ಮೊದಲು ಓದೋಣ.

ಓದುವ ಮುನ್ನ ಒಂದು ಸಣ್ಣ ಕೆಲಸ. ನೋಟಿಸಿನ ಮೇಲಿರುವ ಡಿಐಎನ್ ಸಂಖ್ಯೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿ, ಅದು ಇಲಾಖೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಪೋರ್ಟಲ್‌ಗೆ ಲಾಗಿನ್ ಆದರೆ e-Proceedings ಪುಟದಲ್ಲೂ ಅದೇ ನೋಟಿಸ್ ಕಾಣಬೇಕು. ಬರೀ ಇ-ಮೇಲ್‌ನಲ್ಲಿ ಬಂದ ಪಿಡಿಎಫ್ ನಂಬಿ ಯಾರೂ ದುಡ್ಡು ಕಟ್ಟಬಾರದು.

ಇನ್ನು ಸೆಕ್ಷನ್‌ಗಳು. ಪೆನಾಲ್ಟಿ ಹಾಕುವ ಅಧಿಕಾರ ಬರುವುದು 270ಎ ಇಂದ. ನಿಮ್ಮ ಮಾತು ಕೇಳದೆ ಪೆನಾಲ್ಟಿ ಹಾಕುವಂತಿಲ್ಲ ಎನ್ನುವುದು 274. ಎರಡನ್ನೂ ಒಟ್ಟಿಗೆ ಬರೆದ ಕಾಗದ ಎಂದರೆ ‘ನಿಮ್ಮ ಮೇಲೆ ಯಾಕೆ ಪೆನಾಲ್ಟಿ ಹಾಕಬಾರದು ಹೇಳಿ’ ಎಂಬ ಪ್ರಶ್ನೆ. ಅದು ಪೆನಾಲ್ಟಿ ಆದೇಶವಲ್ಲ. 270ಎ(1)ರಲ್ಲೂ ಅಧಿಕಾರಿ ಪೆನಾಲ್ಟಿ ‘ಹಾಕಬಹುದು’ ಎಂದಿದೆಯೇ ಹೊರತು ಹಾಕಲೇಬೇಕು ಎಂದಿಲ್ಲ.

270ಎ ಒಳಗೆ ನಿಮಗೆ ಬೇಕಾದ ಉಪಕಲಂಗಳು ಐದು. ಉಪಕಲಂ (2) ಆದಾಯ ಕಡಿಮೆ ತೋರಿಸುವುದು ಎಂದರೇನು ಎಂದು ಹೇಳುತ್ತದೆ. ನಿಮ್ಮ ಮಟ್ಟಿಗೆ, 143(1)(ಎ) ಅಡಿ ರಿಟರ್ನ್ ಪ್ರೊಸೆಸ್ ಆದಾಗ ನಿಂತ ಆದಾಯಕ್ಕಿಂತ ಅಸೆಸ್‌ಮೆಂಟ್‌ನಲ್ಲಿ ನಿಂತ ಆದಾಯ ಜಾಸ್ತಿಯಾಗಿದ್ದರೆ, ಆ ವ್ಯತ್ಯಾಸವೇ ಅಂಡರ್‌ರಿಪೋರ್ಟಿಂಗ್. ಇದರಲ್ಲಿ ಮೋಸದ ಸುಳಿವಿಲ್ಲ, ಬರೀ ಕಳೆಯುವ ಲೆಕ್ಕ. ಉಪಕಲಂ (6) ಆ ವ್ಯತ್ಯಾಸದಿಂದ ಯಾವುದನ್ನು ಹೊರಗಿಡಬೇಕು ಎನ್ನುತ್ತದೆ. ಅದರ (ಎ) ಖಂಡ ನಿಮಗೆ ಸಂಬಂಧಪಟ್ಟದ್ದು: ನೀವು ಕೊಟ್ಟ ವಿವರಣೆ ಪ್ರಾಮಾಣಿಕವೆಂದು ಅಧಿಕಾರಿಗೆ ಮನವರಿಕೆಯಾಗಬೇಕು, ಅದನ್ನು ಸಮರ್ಥಿಸುವ ಮುಖ್ಯ ಸಂಗತಿಗಳನ್ನೆಲ್ಲ ನೀವು ಬಿಚ್ಚಿಟ್ಟಿರಬೇಕು. ಎರಡೂ ಬೇಕು, ಒಂದಿದ್ದರೆ ಸಾಲದು. ಉಪಕಲಂ (7) ಸಾಮಾನ್ಯ ದರ, ಅಂದರೆ ಆ ವ್ಯತ್ಯಾಸದ ಮೇಲಿನ ತೆರಿಗೆಯ ಶೇ 50. ಉಪಕಲಂ (8) ಶೇ 200, ಆದರೆ ಆದಾಯ ಕಡಿಮೆಯಾದದ್ದು ಮಿಸ್‌ರಿಪೋರ್ಟಿಂಗ್‌ನಿಂದಾಗಿ ಎಂದಾದರೆ ಮಾತ್ರ. ಯಾವುದು ಮಿಸ್‌ರಿಪೋರ್ಟಿಂಗ್ ಎಂಬುದಕ್ಕೆ ಉಪಕಲಂ (9)ರಲ್ಲಿ (ಎ) ಇಂದ (ಎಫ್) ವರೆಗೆ ಆರು ಸಂದರ್ಭಗಳಿವೆ. ಸುಳ್ಳು ಹೇಳುವುದು ಅಥವಾ ಸಂಗತಿ ಮುಚ್ಚಿಡುವುದು, ಹೂಡಿಕೆಯನ್ನು ಲೆಕ್ಕಪುಸ್ತಕದಲ್ಲಿ ಬರೆಯದಿರುವುದು, ಯಾವ ಪುರಾವೆಯೂ ಇಲ್ಲದ ಖರ್ಚು ಕ್ಲೇಮ್ ಮಾಡುವುದು, ಲೆಕ್ಕಪುಸ್ತಕದಲ್ಲಿ ಸುಳ್ಳು ನಮೂದು, ಬಂದ ಹಣವನ್ನು ಲೆಕ್ಕಪುಸ್ತಕಕ್ಕೆ ತರದಿರುವುದು, ವಿದೇಶಿ ವ್ಯವಹಾರ ತಿಳಿಸದಿರುವುದು. ಈ ಆರರಲ್ಲಿ ಒಂದಕ್ಕೆ ಬೀಳದಿದ್ದರೆ ಶೇ 200 ಇಲ್ಲ.

ನಿಮ್ಮ ಲೆಕ್ಕ ಹಾಕಿ ನೋಡೋಣ. 11,50,000ಕ್ಕೆ 4,90,000 ಸೇರಿ ಆದಾಯ 16,40,000 ಆಗಿದೆ. ಹಳೆ ಪದ್ಧತಿಯಲ್ಲಿ 10 ಲಕ್ಷದಿಂದ ಮೇಲಿನದ್ದಕ್ಕೆಲ್ಲ ಶೇ 30. ಸೆಸ್ ಬಿಟ್ಟು ನೋಡಿದರೆ ಬಡ್ಡಿಯ ಮೇಲೆ 93,000, ಎಚ್‌ಆರ್‌ಎ ಮೇಲೆ 54,000, ಒಟ್ಟು 1,47,000 ರೂ. ತೆರಿಗೆ. ಇದರ ಶೇ 50 ಎಂದರೆ 73,500. ಶೇ 200 ಎಂದರೆ 2,94,000. ಪೆನಾಲ್ಟಿಯ ಲೆಕ್ಕ ಆದಾಯದ ಮೇಲಲ್ಲ, ತೆರಿಗೆಯ ಮೇಲೆ. 4,90,000ದ ದುಪ್ಪಟ್ಟು ಕಟ್ಟಬೇಕೆಂದು ಹೆದರಿ ನಿದ್ದೆಗೆಡುವವರು ಬಹಳ ಮಂದಿ.

ಈಗ ಅಸೆಸ್‌ಮೆಂಟ್ ಆದೇಶವನ್ನು ಕೈಗೆತ್ತಿಕೊಳ್ಳಿ. ನೋಟಿಸ್ ಸಾಮಾನ್ಯವಾಗಿ ಅಚ್ಚುನಮೂನೆ, ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. ಆರೋಪ ಇರುವುದು ಆದೇಶದಲ್ಲಿ, ಒಂದೊಂದು ಸೇರ್ಪಡೆಯ ಚರ್ಚೆ ಮುಗಿಯುವ ಕೊನೆಯ ಸಾಲಿನಲ್ಲಿ. ಬಡ್ಡಿಯ ಚರ್ಚೆಯ ಕೊನೆಗೆ ‘ಆದಾಯ ಕಡಿಮೆ ತೋರಿಸಿದ್ದಕ್ಕೆ ಪ್ರತ್ಯೇಕವಾಗಿ ಪೆನಾಲ್ಟಿ ಕ್ರಮ’ ಎಂದಿದೆಯೋ, ‘ಮಿಸ್‌ರಿಪೋರ್ಟಿಂಗ್‌ನಿಂದಾಗಿ ಆದಾಯ ಕಡಿಮೆ ತೋರಿಸಿದ್ದಕ್ಕೆ’ ಎಂದಿದೆಯೋ ನೋಡಿ. ಎಚ್‌ಆರ್‌ಎ ಚರ್ಚೆಯ ಕೊನೆಗೂ ಹಾಗೇ ನೋಡಿ. ಮಿಸ್‌ರಿಪೋರ್ಟಿಂಗ್ ಎಂದಿದ್ದರೆ 270ಎ(9)ರ ಯಾವ ಖಂಡ ಎಂದು ಹೇಳಿದ್ದಾರೆಯೇ, ಅದಕ್ಕೆ ಕಾರಣ ಕೊಟ್ಟಿದ್ದಾರೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಂದು ಹಾಳೆಯಲ್ಲಿ ಎರಡು ಸೇರ್ಪಡೆಗಳನ್ನು ಬರೆದು, ಪ್ರತಿಯೊಂದರ ಎದುರು ಆದೇಶ ಬಳಸಿದ ಪದ ಮತ್ತು ನೋಟಿಸ್ ಬಳಸಿದ ಪದ ಬರೆಯಿರಿ. ಅಕ್ಷರಕ್ಷರ ಅದೇ ಪದ, ನಿಮ್ಮ ಅರ್ಥೈಸಿಕೆ ಬೇಡ.

ನೀವು ಬರೆದಿರುವಂತೆ ನೋಟಿಸಿನಲ್ಲಿ 274 ಮತ್ತು 270ಎ ಎಂಬ ಸಂಖ್ಯೆಗಳಷ್ಟೇ ಇವೆ. ಶೇ 50ರ ಆರೋಪವೋ ಶೇ 200ರ ಆರೋಪವೋ ಎಂದು ಅದರಿಂದ ತಿಳಿಯುವುದಿಲ್ಲ. ಇದು ಸಣ್ಣ ಕೊರತೆಯಲ್ಲ. 270ಎಗೆ ಮುಂಚೆ ಇದ್ದ 271(1)(ಸಿ) ಕಾಲದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ, ಯಾವ ಆರೋಪಕ್ಕೆ ಉತ್ತರ ಕೊಡಬೇಕೆಂದು ನೋಟಿಸ್ ಸ್ಪಷ್ಟವಾಗಿ ಹೇಳಬೇಕು ಎಂದಿತ್ತು. 270ಎ ಬಂದ ಮೇಲೆ ದೆಹಲಿ ಹೈಕೋರ್ಟ್ 2022ರಲ್ಲಿ ಷ್ನೈಡರ್ ಎಲೆಕ್ಟ್ರಿಕ್ ಸೌತ್ ಈಸ್ಟ್ ಏಷ್ಯಾ ಪ್ರಕರಣದಲ್ಲಿ ಅದೇ ಜಾಡು ಹಿಡಿಯಿತು. ಉಪಕಲಂ (9)ರ ಯಾವ ಖಂಡ ಎಂದು ತಿಳಿಸದೆ, ಮಿಸ್‌ರಿಪೋರ್ಟಿಂಗ್ ಎಂಬ ಪದವನ್ನಷ್ಟೇ ಬಳಸಿ 270ಎಎ ಮುಕ್ತಿ ನಿರಾಕರಿಸುವುದು ಸರಿಯಲ್ಲ ಎಂದಿತು. ಎರಡನ್ನೂ ನಿಮ್ಮ ಉತ್ತರದಲ್ಲಿ ಉಲ್ಲೇಖಿಸಬಹುದು. ಆದರೆ ಮೊದಲನೆಯದು ಹಳೆ ಸೆಕ್ಷನ್ನಿನದ್ದು, ಎರಡನೆಯದು ಬೇರೆ ರಾಜ್ಯದ ಹೈಕೋರ್ಟಿನದ್ದು ಎಂಬುದು ನೆನಪಿರಲಿ. ನೋಟಿಸಿನ ಕೊರತೆಯೊಂದನ್ನೇ ನಂಬಿ, ಸಂಗತಿಗಳ ಬಗ್ಗೆ ಏನೂ ಹೇಳದ ಉತ್ತರ ಬರೆಯಬೇಡಿ. ಅಂಥ ಉತ್ತರ ಕೊಟ್ಟವರ ಕಡತದಲ್ಲಿ ಅಧಿಕಾರಿ ‘ವಿವರಣೆ ಏನೂ ನೀಡಿಲ್ಲ’ ಎಂದು ಬರೆದುಬಿಡುತ್ತಾರೆ, ಆಮೇಲೆ ಉಪಕಲಂ (6)ರ ರಕ್ಷಣೆ ಕೇಳುವುದು ಕಷ್ಟ.

ಎರಡು ಸೇರ್ಪಡೆಗಳು ಒಂದೇ ಜಾತಿಯವಲ್ಲ. ಒಂದೊಂದಕ್ಕೂ ಬೇರೆ ಉತ್ತರ ಬೇಕು.

ಬಡ್ಡಿಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಪೆನಾಲ್ಟಿ ಸೊನ್ನೆ ಆಗಲೇಬೇಕು ಎಂದು ವಾದಿಸಿ ಗೆಲ್ಲುವುದು ಕಷ್ಟ. ಎಐಎಸ್‌ನಲ್ಲಿ, 26ಎಎಸ್‌ನಲ್ಲಿ ಬಡ್ಡಿ ಕಾಣುತ್ತಿತ್ತು, ಇಲಾಖೆಗೆ ಗೊತ್ತೇ ಇತ್ತು ಎಂದು ಎಲ್ಲರೂ ಬರೆಯುತ್ತಾರೆ. ಅದು ಬ್ಯಾಂಕ್ ಕೊಟ್ಟ ಮಾಹಿತಿ, ನೀವು ಬಿಚ್ಚಿಟ್ಟದ್ದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದೇ ಸಂಗತಿ ಇನ್ನೊಂದು ಕಡೆ ನಿಮಗೆ ಗಟ್ಟಿ ಆಸರೆ. ಮುಚ್ಚಿಡಬೇಕೆಂದು ಹೊರಟವರು ಪಾನ್ ಕೊಟ್ಟು, ಟಿಡಿಎಸ್ ಕಡಿತವಾಗುವ ಖಾತೆಯಲ್ಲಿ ಹಣ ಇಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಆ 31,000ದ ಟಿಡಿಎಸ್ ಕೂಡ ಕ್ಲೇಮ್ ಮಾಡಿಲ್ಲ. ಟಿಡಿಎಸ್ ಪಡೆದು ಬಡ್ಡಿಯನ್ನು ಮಾತ್ರ ಬಿಟ್ಟಿದ್ದರೆ ‘ಗೊತ್ತಿದ್ದೂ ಬಿಟ್ಟರು’ ಎನ್ನಲು ಅಧಿಕಾರಿಗೆ ಕೈಯಲ್ಲೇ ಪುರಾವೆ ಸಿಗುತ್ತಿತ್ತು. ಎರಡೂ ಬಿಟ್ಟುಹೋಗಿವೆ ಎಂದರೆ ಆ ಠೇವಣಿಯೇ ಲೆಕ್ಕದಿಂದ ತಪ್ಪಿಹೋಗಿದೆ ಎಂದರ್ಥ. ಬಡ್ಡಿ ಅಸಲಿಗೆ ಸೇರುವ ಠೇವಣಿಯಲ್ಲಿ ಹೀಗಾಗುವುದು ಸಾಮಾನ್ಯ: ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಬಂದಿರುವುದಿಲ್ಲ, ಬ್ಯಾಂಕ್ ಮಾತ್ರ ಪ್ರತಿ ವರ್ಷದ ಬಡ್ಡಿಗೆ ಟಿಡಿಎಸ್ ಕಡಿಯುತ್ತಿರುತ್ತದೆ. ಹಾಗಾಗಿ ಬಡ್ಡಿಯ ಬಗ್ಗೆ ನಿಮ್ಮ ವಾದದ ಗುರಿ, ಇದು ಉಪಕಲಂ (9)(ಎ)ಯ ‘ಮುಚ್ಚಿಡುವಿಕೆ’ ಅಲ್ಲ, ಹೆಚ್ಚೆಂದರೆ ಉಪಕಲಂ (7) ಎಂದು ಸ್ಥಾಪಿಸುವುದು. (ಇ) ಖಂಡದ ‘ಬಂದ ಹಣ ಬರೆಯದಿರುವುದು’ ಎಂಬುದಕ್ಕೆ ಲೆಕ್ಕಪುಸ್ತಕ ಬೇಕು. ಸಂಬಳದಾರರಾದ ನಿಮಗೆ ಲೆಕ್ಕಪುಸ್ತಕ ಇಡುವ ಹೊಣೆಯಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಹೇಳಿ.

ಎಚ್‌ಆರ್‌ಎ ಬೇರೆ. ಇಲ್ಲಿ ನೀವು ಮರೆತದ್ದಿಲ್ಲ, ಕ್ಲೇಮ್ ಮಾಡಿದ್ದೀರಿ. ಅಧಿಕಾರಿ ನಂಬಲಿಲ್ಲ. ನಂಬದಿರುವುದಕ್ಕೂ ಸುಳ್ಳೆಂದು ಸಾಬೀತಾಗುವುದಕ್ಕೂ ಬಹಳ ಅಂತರವಿದೆ. ಕೇಳಿದ ವಿನಾಯಿತಿ ಒಪ್ಪಿಗೆಯಾಗಲಿಲ್ಲ ಎಂಬ ಕಾರಣಕ್ಕೇ ಪೆನಾಲ್ಟಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ರಿಲಯನ್ಸ್ ಪೆಟ್ರೋಪ್ರಾಡಕ್ಟ್ಸ್ ಪ್ರಕರಣದಲ್ಲಿ, ಹಳೆ ಸೆಕ್ಷನ್ ಅಡಿಯಲ್ಲಿ, ಹೇಳಿದೆ. ಅಧಿಕಾರಿ (9)(ಸಿ) ಹಿಡಿದರೆ, ಆ ಖಂಡ ಮಾತಾಡುವುದು ಖರ್ಚಿನ ಕ್ಲೇಮ್ ಬಗ್ಗೆ, ಎಚ್‌ಆರ್‌ಎ ಖರ್ಚಲ್ಲ, 10(13ಎ) ಅಡಿಯ ವಿನಾಯಿತಿ ಎಂದು ಹೇಳಬಹುದು. ಜೊತೆಗೆ ಆ ಖಂಡದಲ್ಲಿ ‘ಯಾವ ಪುರಾವೆಯೂ ಇಲ್ಲದ’ ಎಂದಿದೆ, ಸಾಲದ ಪುರಾವೆ ಎಂದಿಲ್ಲ.

ಹಾಗಾದರೆ ನಿಮ್ಮ ಹತ್ತಿರ ಏನಿದೆ? ಮನೆ ಅಮ್ಮನ ಹೆಸರಿನಲ್ಲಿದೆ ಎನ್ನುವ ಖಾತಾ ಪ್ರತಿ ಮತ್ತು ಆಸ್ತಿ ತೆರಿಗೆ ರಸೀದಿ, ಅಮ್ಮನ ಪಾನ್, ಕಂಪನಿಗೆ ಆಗಲೇ ಕೊಟ್ಟಿದ್ದ ಬಾಡಿಗೆ ರಸೀದಿಗಳು, ಬಾಡಿಗೆ ಪಡೆದೆ ಎಂದು ಅಮ್ಮ ಈಗ ಕೊಡುವ ಹೇಳಿಕೆ, ಪ್ರತಿ ತಿಂಗಳು ನಿಮ್ಮ ಖಾತೆಯಿಂದ ತೆಗೆದ ನಗದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಟೇಟ್‌ಮೆಂಟ್ ಕಳಿಸುವ ಮೊದಲು ಹನ್ನೆರಡು ತಿಂಗಳನ್ನೂ ಒಂದೊಂದಾಗಿ ನೋಡಿ. ಬಾಡಿಗೆ 20,000 ಎಂದು ರಸೀದಿ ಇದ್ದು, ಆ ತಿಂಗಳು ಖಾತೆಯಿಂದ ತೆಗೆದದ್ದು 4,000 ಮಾತ್ರ ಎಂದಿದ್ದರೆ ಆ ಕಾಗದ ನಿಮ್ಮ ವಿರುದ್ಧವೇ ಮಾತಾಡುತ್ತದೆ. ವಿವರಣೆ ಇದ್ದರೆ ಮೊದಲೇ ಬರೆಯಿರಿ. ಇಲ್ಲದಿದ್ದರೆ ಈ ಕ್ಲೇಮ್‌ಗಾಗಿ ಹೋರಾಡಬೇಕೇ ಎಂದು ಯೋಚಿಸಿ. ಅಮ್ಮನ ಕಡೆಯೂ ನೋಡಿಕೊಳ್ಳಿ. ಅವರ ಬಾಡಿಗೆ ವರ್ಷಕ್ಕೆ 2,40,000. ಬೇರೆ ಆದಾಯವಿದ್ದು ರಿಟರ್ನ್‌ನಲ್ಲಿ ಬಾಡಿಗೆ ತೋರಿಸಿಲ್ಲವಾದರೆ ಪ್ರಶ್ನೆ ಅವರ ಮನೆಬಾಗಿಲಿಗೆ ಹೋಗುತ್ತದೆ.

ಹಳೆ ತಾರೀಕು ಹಾಕಿ ಈಗ ರಸೀದಿ ಬರೆಯುವುದು, ಬಾಡಿಗೆ ಕರಾರು ಪತ್ರ ಸೃಷ್ಟಿಸುವುದು ಮಾತ್ರ ಖಂಡಿತ ಬೇಡ. ಶೇ 50ರಲ್ಲಿ ಮುಗಿಯಬಹುದಾದ ವಿಷಯವನ್ನು ಅದು ನಿಜವಾಗಿಯೂ (9)(ಎ)ಗೆ ತಳ್ಳುತ್ತದೆ, ಸುಳ್ಳು ಹೇಳಿಕೆಗಾಗಿ 277ರ ಕ್ರಿಮಿನಲ್ ಕೇಸಿಗೂ ದಾರಿ ಮಾಡುತ್ತದೆ. ಅಮ್ಮನ ಹೇಳಿಕೆಗೆ ಈಗಿನ ತಾರೀಕೇ ಇರಲಿ, ಹಿಂದೆ ನಡೆದದ್ದನ್ನು ಈಗ ಹೇಳುವುದರಲ್ಲಿ ತಪ್ಪೇನಿಲ್ಲ.

ಈಗ 270ಎಎ. ಷರತ್ತು ಎರಡು: ಆದೇಶದಂತೆ ಬಂದ ತೆರಿಗೆ ಮತ್ತು ಬಡ್ಡಿಯನ್ನು, ಅದನ್ನು ಕಟ್ಟಲು ಹೇಳುವ ಡಿಮ್ಯಾಂಡ್ ನೋಟಿಸಿನ ಗಡುವಿನೊಳಗೆ ಕಟ್ಟಬೇಕು, ಆ ಆದೇಶದ ವಿರುದ್ಧ ಮೇಲ್ಮನವಿ ಹೋಗಬಾರದು. ಆದೇಶ ಕೈಸೇರಿದ ತಿಂಗಳ ಕೊನೆಯಿಂದ ಒಂದು ತಿಂಗಳೊಳಗೆ ಫಾರ್ಮ್ 68ರಲ್ಲಿ ಅರ್ಜಿ ಹಾಕಬೇಕು. ನಿಮಗೆ ಅದು 2026ರ ಜನವರಿ 31. ಕ್ರಮ ಶುರುವಾಗಿರುವುದು ಉಪಕಲಂ (9)ರ ಸಂದರ್ಭಗಳಡಿ ಅಲ್ಲವಾದರೆ ಅಧಿಕಾರಿ ಮುಕ್ತಿ ಕೊಡಲೇಬೇಕು. ಪೆನಾಲ್ಟಿಯ ಜೊತೆ 276ಸಿ ಮತ್ತು 276ಸಿಸಿ ಅಡಿಯ ಮೊಕದ್ದಮೆಯಿಂದಲೂ ಮುಕ್ತಿ ಸಿಗುತ್ತದೆ.

ಇಲ್ಲಿ ಜನ ಎಡವುವುದು ದಿನಾಂಕಗಳಲ್ಲಿ. ಅರ್ಜಿಗೆ ಜನವರಿ 31ರವರೆಗೆ ಸಮಯವಿದೆ ಎಂದು ಹಣವನ್ನೂ ಅಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೆ. ಹಣದ ಗಡುವು ಬೇರೆ. ಡಿಮ್ಯಾಂಡ್ ನೋಟಿಸ್ ಡಿಸೆಂಬರ್ 12ರಂದು ತಲುಪಿ, 30 ದಿನ ಎಂದಿದ್ದರೆ ಜನವರಿ 11ಕ್ಕೆ ಮುಗಿಯಿತು. ಅದು ಭಾನುವಾರ. ಜನವರಿ 9ರ ಶುಕ್ರವಾರದೊಳಗೇ ಕಟ್ಟಿಬಿಡಿ. ಕಟ್ಟುವಾಗ ‘ರೆಗ್ಯುಲರ್ ಅಸೆಸ್‌ಮೆಂಟ್ ತೆರಿಗೆ’ ಎಂಬ ಮೈನರ್ ಹೆಡ್ 400 ಮತ್ತು ಅಸೆಸ್‌ಮೆಂಟ್ ವರ್ಷ 2024-25 ಆರಿಸಿ. ಸೆಲ್ಫ್ ಅಸೆಸ್‌ಮೆಂಟ್‌ನ 300ಕ್ಕೆ ಕಟ್ಟಿದರೆ ಹಣ ಹೋಗಿರುತ್ತದೆ, ಡಿಮ್ಯಾಂಡ್ ಹಾಗೇ ನಿಂತಿರುತ್ತದೆ.

ಆದೇಶದ ಜೊತೆಗಿನ ತೆರಿಗೆ ಲೆಕ್ಕದ ಹಾಳೆಯಲ್ಲಿ 31,000ದ ಟಿಡಿಎಸ್ ಕಳೆದಿದ್ದಾರೆಯೇ ಎಂದು ನೋಡಿ. ಬಡ್ಡಿಯನ್ನು ಆದಾಯಕ್ಕೆ ಸೇರಿಸಿ ಅದರ ಟಿಡಿಎಸ್ ಕೊಡದೆ ಬಿಡುವುದು ಆಗಾಗ ನಡೆಯುತ್ತದೆ. ಬಿಟ್ಟಿದ್ದರೆ 154 ಅಡಿ ತಿದ್ದುಪಡಿ ಅರ್ಜಿ ಹಾಕಿ, ಆದರೆ ಅದು ಬರಲಿ ಎಂದು ಕಾಯಬೇಡಿ. ಡಿಮ್ಯಾಂಡಿನ ಪೂರ್ತಿ ಮೊತ್ತ ಕಟ್ಟಿ, ಹೆಚ್ಚಾದದ್ದನ್ನು ಆಮೇಲೆ ರಿಫಂಡ್ ಪಡೆಯಿರಿ. 31,000 ಕಡಿಮೆ ಕಟ್ಟಿ ಮುಕ್ತಿಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಮುಕ್ತಿಯನ್ನು ಅರ್ಧಕ್ಕೆ ಕೇಳಲಾಗದು. ಬಡ್ಡಿಗೆ ಮುಕ್ತಿ ಬೇಕು, ಎಚ್‌ಆರ್‌ಎಗೆ ಮೇಲ್ಮನವಿ ಹೋಗುತ್ತೇನೆ ಎನ್ನುವಂತಿಲ್ಲ, ಏಕೆಂದರೆ ಎರಡೂ ಒಂದೇ ಆದೇಶದಲ್ಲಿವೆ. ಆದ್ದರಿಂದ ತೂಗಿ ನೋಡಿ. ಎಚ್‌ಆರ್‌ಎ ಮೇಲ್ಮನವಿ ಗೆದ್ದರೆ ಉಳಿಯುವುದು 54,000 ಮತ್ತು ಅದರ ಮೇಲಿನ ಸೆಸ್, ಬಡ್ಡಿ. ಅದಕ್ಕಾಗಿ ಎಫ್‌ಡಿ ಬಡ್ಡಿಯ ಮೇಲಿನ 46,500ರ ಪೆನಾಲ್ಟಿಯನ್ನು ಬಹುತೇಕ ಖಚಿತವಾಗಿ ಮೈಮೇಲೆ ಎಳೆದುಕೊಳ್ಳುತ್ತೀರಿ. ಸೋತರೆ ಎಚ್‌ಆರ್‌ಎ ಮೇಲೆ 27,000, ಮಿಸ್‌ರಿಪೋರ್ಟಿಂಗ್ ಎಂದಾದರೆ 1,08,000. ನಗದು ಬಾಡಿಗೆಯ ಪುರಾವೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮೇಲ್ಮನವಿಯಲ್ಲಿ ಅದು ಅಲುಗಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮಗೆ ಮುಕ್ತಿ ಅರ್ಜಿಯೇ ಸರಿಯಾದ ದಾರಿ. ಎಚ್‌ಆರ್‌ಎ ಮೊತ್ತ ಇದರ ನಾಲ್ಕು ಪಟ್ಟಿದ್ದು, ಬಾಡಿಗೆ ಬ್ಯಾಂಕ್ ಮೂಲಕ ಹೋಗಿದ್ದರೆ ನಾನು ಬೇರೆ ಹೇಳುತ್ತಿದ್ದೆ.

ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಬಾಗಿಲು ಮುಚ್ಚಿತೇ? ಇಲ್ಲ. ಅರ್ಜಿ ಹಾಕಿದ ದಿನದಿಂದ ತಿರಸ್ಕಾರದ ಆದೇಶ ನಿಮ್ಮ ಕೈಸೇರುವವರೆಗಿನ ಕಾಲವನ್ನು ಮೇಲ್ಮನವಿಯ 30 ದಿನದ ಲೆಕ್ಕದಿಂದ ಬಿಡಲಾಗುತ್ತದೆ. ಹಾಗೆಂದೇ ಫಾರ್ಮ್ 68 ಅನ್ನು ಜನವರಿ 31ಕ್ಕೆ ದೂಡಬೇಡಿ. ಜನವರಿ 5ರ ಸುಮಾರಿಗೆ ತೆರಿಗೆ ಕಟ್ಟಿ, ಚಲನ್ ಲಗತ್ತಿಸಿ ಅರ್ಜಿ ಹಾಕಿದರೆ ಮೇಲ್ಮನವಿಯ ಕೆಲವು ದಿನಗಳು ಕೈಯಲ್ಲಿ ಉಳಿದಿರುತ್ತವೆ. ನಿಮ್ಮ ಮಾತು ಕೇಳದೆ ತಿರಸ್ಕರಿಸುವಂತಿಲ್ಲ ಎಂಬುದೂ ಸೆಕ್ಷನ್ನಿನಲ್ಲೇ ಇದೆ.

ಅರ್ಜಿ ಹಾಕಿದ್ದೇನೆಂದು ನೋಟಿಸಿಗೆ ಉತ್ತರ ಕೊಡದೆ ಕೂರಬೇಡಿ. ಜನವರಿ 7ರೊಳಗೆ e-Proceedings ಮೂಲಕ ಉತ್ತರ ಹೋಗಲೇಬೇಕು. ಮೊದಲು ಡಿಐಎನ್, ದಿನಾಂಕ, ಅಸೆಸ್‌ಮೆಂಟ್ ವರ್ಷ. ಆಮೇಲೆ ಇಂಥ ಚಲನ್‌ನಲ್ಲಿ ತೆರಿಗೆ ಕಟ್ಟಿ, ಇಂಥ ಸ್ವೀಕೃತಿ ಸಂಖ್ಯೆಯಲ್ಲಿ ಫಾರ್ಮ್ 68 ಸಲ್ಲಿಸಿದ್ದೇನೆ, ಅದು ತೀರ್ಮಾನವಾಗುವವರೆಗೆ ಪೆನಾಲ್ಟಿ ಕ್ರಮ ತಡೆಹಿಡಿಯಿರಿ ಎಂಬ ಕೋರಿಕೆ. ನಂತರ ನೋಟಿಸಿನಲ್ಲಿ ಆರೋಪ ಯಾವುದೆಂದು ಹೇಳಿಲ್ಲ ಎಂಬ ಆಕ್ಷೇಪ, ಆದೇಶದ ಪದಗಳನ್ನು ಹಾಗೇ ಉದ್ಧರಿಸಿ. ಅದಾದ ಮೇಲೆ ಬಡ್ಡಿ, ಎಚ್‌ಆರ್‌ಎ, ಒಂದೊಂದಕ್ಕೂ ಪ್ರತ್ಯೇಕ ಶೀರ್ಷಿಕೆ. ವಿಡಿಯೊ ಮೂಲಕ ಅಹವಾಲು ಹೇಳಲು ಅವಕಾಶ ಬೇಕೆಂದು ಕೊನೆಗೆ ಕೇಳಿ.

ಬಡ್ಡಿಯ ಪ್ಯಾರಾ ಹೀಗಿದ್ದರೆ ಸಾಕು: “ಈ ಠೇವಣಿ ತಂದೆಯವರ ನಿಧನದ ನಂತರ ನನ್ನ ಹೆಸರಿಗೆ ವರ್ಗವಾದದ್ದು (ಲಗತ್ತು 3). ಬಡ್ಡಿ ಅಸಲಿಗೆ ಸೇರುತ್ತಿತ್ತು, ನನ್ನ ಉಳಿತಾಯ ಖಾತೆಗೆ ಜಮೆಯಾಗಿಲ್ಲ (ಲಗತ್ತು 4). ಬಡ್ಡಿಯನ್ನಾಗಲಿ ಅದರ 31,000 ರೂ. ಟಿಡಿಎಸ್ ಅನ್ನಾಗಲಿ ನಾನು ರಿಟರ್ನ್‌ನಲ್ಲಿ ಸೇರಿಸಿಲ್ಲ. ಇದು ಕಣ್ತಪ್ಪು. 270ಎ(9)ರ ಯಾವ ಖಂಡಕ್ಕೂ ಇದು ಬರುವುದಿಲ್ಲ.” ‘ದಯವಿಟ್ಟು ಕ್ಷಮಿಸಿ’, ‘ನನ್ನ ತಪ್ಪನ್ನು ಪೂರ್ಣ ಒಪ್ಪಿಕೊಳ್ಳುತ್ತೇನೆ’ ಎಂಬ ಸಾಲುಗಳು ಬೇಡ. ಅವು ಪೆನಾಲ್ಟಿ ಆದೇಶದಲ್ಲಿ ನಿಮ್ಮ ಒಪ್ಪಿಗೆಯಾಗಿ ಉದ್ಧರಣೆಯಾಗುತ್ತವೆ. ‘ನನ್ನ ಆಡಿಟರ್ ಮಾಡಿದ ತಪ್ಪು’ ಎಂದು ಬರೆಯುವುದಾದರೆ ಅವರ ಪತ್ರ ಲಗತ್ತಿಸಿ, ಇಲ್ಲವಾದರೆ ಬಿಡಿ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಅದನ್ನು ನೋಡಿ ಗಲಿಬಿಲಿಯಾಗಬೇಡಿ. ನಿಮ್ಮ ವರ್ಷದ ವಿಷಯಕ್ಕೆ 1961ರ ಕಾಯ್ದೆಯೇ ಅನ್ವಯ, ಉತ್ತರದಲ್ಲಿ 270ಎ, 270ಎಎ ಎಂದೇ ಬರೆಯಿರಿ. ಆದೇಶದ ಎಚ್‌ಆರ್‌ಎ ಭಾಗದ ಕೊನೆಯ ಸಾಲಿನಲ್ಲಿ (9)ರ ನಿರ್ದಿಷ್ಟ ಖಂಡವೊಂದನ್ನು ಹೆಸರಿಸಿ ಕಾರಣ ಕೊಟ್ಟಿದ್ದರೆ ಮಾತ್ರ ಮುಕ್ತಿ ಅರ್ಜಿ ತಿರಸ್ಕಾರವಾಗುವ ಸಂಭವ ಹೆಚ್ಚು. ಹಾಗಿದ್ದಲ್ಲಿ ಫಾರ್ಮ್ 68 ಹಾಕುವ ಮೊದಲೇ ಮೇಲ್ಮನವಿಯ ಫಾರ್ಮ್ 35 ಅನ್ನು ಸಿದ್ಧಪಡಿಸಿ ಇಟ್ಟುಕೊಳ್ಳಿ. ನಿಮ್ಮ ಆದಾಯಕ್ಕೆ ಅದರ ಶುಲ್ಕ 1,000 ರೂ.